ಅಂಚು ಸುಡುತ್ತೆ, ನಡು ತಣ್ಣಗೆ: ಉಳಿದ ಅನ್ನ, ಎಣ್ಣೆಗಾಯಿ ಬಿಸಿ ಮಾಡುವ ನನ್ನ ರೀತಿ

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ರಾತ್ರಿ ಉಳಿದ ಅನ್ನ, ಎಣ್ಣೆಗಾಯಿ ಮರುದಿನ ಮಧ್ಯಾಹ್ನ ಮೈಕ್ರೋವೇವ್‌ಗೆ ಹೋಗುತ್ತವೆ. ಫುಲ್ ಪವರ್‌ನಲ್ಲಿ ಮೂರು ನಿಮಿಷ ಇಟ್ಟರೆ ಅಂಚಿನ ಅನ್ನ ಒಣಗಿ ಗಟ್ಟಿಯಾಗುತ್ತದೆ, ನಡುವಿನ ಗಂಟು ಮಾತ್ರ ಫ್ರಿಜ್ಜಿನ ತಂಪಿನಲ್ಲೇ ಇರುತ್ತದೆ.

ಮೈಕ್ರೋವೇವ್ ಒಳಗಿನಿಂದ ಬಿಸಿ ಮಾಡುತ್ತದೆ ಅಂತಾರಲ್ಲ, ಅದು ತಪ್ಪು. ಅಲೆಗಳ ಶಕ್ತಿ ಹೆಚ್ಚಾಗಿ ಮೇಲಿನ ಒಂದೆರಡು ಸೆಂಟಿಮೀಟರ್‌ನಲ್ಲೇ ಮುಗಿದುಹೋಗುತ್ತದೆ. ಅಲ್ಲಿಂದ ಮುಂದೆ ಬಿಸಿ ನಿಧಾನವಾಗಿ ಒಳಗೆ ಇಳಿಯಬೇಕು. ಜೊತೆಗೆ ಒವನ್ ಒಳಗೆ ಅಲೆಗಳು ಗೋಡೆಗೆ ಬಡಿದು ತಿರುಗಿ ಬಂದು ಕೆಲವು ಕಡೆ ಜಾಸ್ತಿ, ಕೆಲವು ಕಡೆ ಕಡಿಮೆ ಬಿಸಿ ಮಾಡುತ್ತವೆ. ತಿರುಗುವ ಗಾಜಿನ ತಟ್ಟೆ ಇರುವುದು ಅದಕ್ಕೇ. ಆದರೆ ತಟ್ಟೆ ಎಷ್ಟೇ ತಿರುಗಲಿ, ಅದರ ನಡು ಇದ್ದಲ್ಲೇ ಇರುತ್ತದೆ. ಅಲ್ಲಿ ಬಿಸಿ ಕಡಿಮೆಯಿದ್ದರೆ ಕೊನೆತನಕ ಕಡಿಮೆಯೇ.

ನಾನೀಗ ಇಬ್ಬರ ಊಟದ ಅನ್ನವನ್ನು ಅಗಲ ಬಟ್ಟಲಿಗೆ ಹಾಕಿ, ಗಂಟು ಒಡೆದು, ಎರಡು ಚಮಚ ನೀರು ಚಿಮುಕಿಸುತ್ತೇನೆ. ನಡುವೆ ಬೆರಳಿನಿಂದ ಗುಳಿ ಮಾಡಿ, ಅನ್ನವನ್ನು ಸುತ್ತಲೂ ಸರಿಸಿ, ಸಡಿಲವಾಗಿ ಮುಚ್ಚುತ್ತೇನೆ. ಫುಲ್‌ನಲ್ಲಿ ಒಂದು ನಿಮಿಷ. ತೆಗೆದು ಅಂಚಿನದನ್ನು ನಡುವಿಗೆ, ನಡುವಿನದನ್ನು ಅಂಚಿಗೆ ತಿರುವಿ ಮತ್ತೊಂದು ನಿಮಿಷ. ಆಮೇಲೆ ಮುಚ್ಚಿದಂತೆಯೇ ಎರಡು ನಿಮಿಷ ಸುಮ್ನೆ ಬಿಡುತ್ತೇನೆ.

ಎಣ್ಣೆಗಾಯಿ ಬೇರೆ ಕಥೆ. ತೆಳ್ಳನೆಯ ಸಾರು ಬಿಸಿಯಾದಂತೆ ತಾನೇ ಸ್ವಲ್ಪ ಓಡಾಡುತ್ತದೆ. ಶೇಂಗಾ, ಎಳ್ಳು ಹಾಕಿದ ಗಟ್ಟಿ ಮಸಾಲೆ ಕದಲುವುದಿಲ್ಲ. ಅಂಚಿನಲ್ಲಿ ಪಟ್ ಪಟ್ ಸಿಡಿಯುತ್ತಿರುವಾಗಲೇ ಬದನೆಕಾಯಿಯ ಒಳಗೆ ಬೆರಳಿಟ್ಟು ನೋಡಿ, ತಣ್ಣಗಿರುತ್ತದೆ. ಕೈಯಾಡಿಸಿದರೆ ಕಾಯಿ ಒಡೆಯುತ್ತದೆ, ಹಾಗಾಗಿ ಇಲ್ಲಿ ಪವರ್ ಇಳಿಸುವುದೇ ದಾರಿ. ಸಾಮಾನ್ಯ ಒವನ್‌ನಲ್ಲಿ 50% ಅಂದರೆ ಅಲೆಗಳು ಅರ್ಧ ಬಲದಲ್ಲಿ ಬರುವುದಲ್ಲ. ಸ್ವಲ್ಪ ಹೊತ್ತು ಪೂರ್ತಿ ಬಲ, ಸ್ವಲ್ಪ ಹೊತ್ತು ಪೂರ್ತಿ ಬಂದ್. ಕಿವಿಗೊಟ್ಟರೆ ಗೊಂಯ್ ಸದ್ದು ಏರಿ ಇಳಿಯುವುದು ಕೇಳುತ್ತದೆ, ದೀಪ ಮತ್ತು ತಟ್ಟೆ ಮಾತ್ರ ನಡೆದೇ ಇರುತ್ತವೆ. ಆ ಬಂದ್ ಇರುವ ಹೊತ್ತಿನಲ್ಲಿ ಅಂಚಿನ ಬಿಸಿ ಒಳಗೆ ಇಳಿಯುತ್ತದೆ. ಇನ್ವರ್ಟರ್ ಒವನ್ ಆದರೆ ನಿಜಕ್ಕೂ ಬಲವನ್ನೇ ಕಡಿಮೆ ಮಾಡುತ್ತದೆ. ಫಲ ಹೆಚ್ಚುಕಡಿಮೆ ಅದೇ.

ನಾಲ್ಕು ಕಾಯಿಗಳನ್ನು ತಟ್ಟೆಯ ಸುತ್ತ ಇಟ್ಟು, ನಡು ಖಾಲಿ ಬಿಟ್ಟು, ಒಂದು ಚಮಚ ನೀರು ಹಾಕಿ, 50%ರಲ್ಲಿ ಎರಡು ನಿಮಿಷ. ಕಾಯಿ ಹೊರಳಿಸಿ, ಒಳಗಿನ ಪಕ್ಕ ಹೊರಗೆ ಬರುವಂತೆ ತಿರುಗಿಸಿ ಮತ್ತೆರಡು ನಿಮಿಷ. ಇದು ನನ್ನ 800 ವ್ಯಾಟ್ ಒವನ್ ಲೆಕ್ಕ, ನಿಮ್ಮದರಲ್ಲಿ ಸ್ವಲ್ಪ ಆಚೆ ಈಚೆ ಆಗಬಹುದು.

ಆಯಿತೋ ಇಲ್ಲವೋ ನೋಡಲು ಮೇಲಿನ ಹಬೆ ನಂಬಬೇಡಿ. ಬಟ್ಟಲ ತಳದ ನಡುವನ್ನು ಮುಟ್ಟಿ, ಅಲ್ಲಿ ತಂಪಿದ್ದರೆ ಇನ್ನೂ ಆಗಿಲ್ಲ. ಇನ್ನೊಂದು ಮಾತು: ಅನ್ನ ರಾತ್ರಿಯಿಡೀ ಹೊರಗೇ ಇದ್ದರೆ ಎಷ್ಟು ಚೆನ್ನಾಗಿ ಬಿಸಿ ಮಾಡಿದರೂ ತಿನ್ನಬೇಡಿ. ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಬಿಡುವ ವಿಷ ಬಿಸಿಗೆ ಹೋಗುವುದಿಲ್ಲ.