ಓಸ್ಕಿ ತಯಾರಿ: ಹೃದಯ ಪರೀಕ್ಷೆಯ ಸ್ಟೇಷನ್ ಅನ್ನು ನಾವು ಅಭ್ಯಾಸ ಮಾಡಿದ ರೀತಿ

ವೈದ್ಯ ವಿದ್ಯಾರ್ಥಿಗಳು ಒಂದೊಂದು ಸ್ಟೇಷನ್‌ನಲ್ಲಿ ಒಂದೊಂದು ಕೆಲಸ ಮಾಡಿ ತೋರಿಸುವ ಪ್ರಾಯೋಗಿಕ ಪರೀಕ್ಷೆಯಾದ ಓಸ್ಕಿಯಲ್ಲಿ ಪರೀಕ್ಷಕರು ಅಂಕ ಹಾಕುವುದು ಕಣ್ಣಿಗೆ ಕಂಡದ್ದಕ್ಕೆ, ಕಿವಿಗೆ ಬಿದ್ದದ್ದಕ್ಕೆ ಮಾತ್ರ. ಅದಕ್ಕೇ ಹಳೆಯ ಸ್ಟೇಷನ್‌ಗಳನ್ನು ಚೆಕ್‌ಲಿಸ್ಟ್ ಮಾಡುವಾಗ ಕುತ್ತಿಗೆಯ ಅಭಿಧಮನಿಯ ಒತ್ತಡ ನೋಡಲು 'ಜೆವಿಪಿ' ಎಂದು ಒಂದು ಪದ ಗೀಚಿ ಬಿಡುತ್ತಿರಲಿಲ್ಲ. 'ತಲೆಯ ಭಾಗ 45 ಡಿಗ್ರಿಗೆ ಎತ್ತು', 'ಮುಖ ಸ್ವಲ್ಪ ಎಡಕ್ಕೆ ತಿರುಗಿಸಲು ಹೇಳು', 'ಸ್ಟರ್ನಲ್ ಆಂಗಲ್‌ನಿಂದ ಎಷ್ಟು ಸೆಂಟಿಮೀಟರ್ ಮೇಲಿದೆ ಎಂದು ಬಾಯಿಬಿಟ್ಟು ಹೇಳು' ಎಂದು ಮೂರು ಸಾಲು ಬರೆಯುತ್ತಿದ್ದೆವು. ಕ್ರಿಯಾಪದ ಇಲ್ಲದ ಸಾಲಿಗೆ ಜೊತೆಗಾರ ಟಿಕ್ ಹಾಕಲು ಆಗುವುದಿಲ್ಲ.

ಮೊದಲ ಪಟ್ಟಿ ಕೈ, ಮುಖ, ಕುತ್ತಿಗೆ, ಎದೆ ಎಂದು ಅಂಗವಾರು ಇತ್ತು. 8 ನಿಮಿಷಕ್ಕೆ ಟೈಮರ್ ಇಟ್ಟು ಮಾಡಿದಾಗ ಪದೇ ಪದೇ ಬಿಟ್ಟುಹೋಗುತ್ತಿದ್ದವು ಎರಡು: ಶ್ವಾಸಕೋಶದ ಬುಡ ಮತ್ತು ಸೊಂಟದ ಹಿಂಭಾಗದ ಊತ. ಎದೆಯ ಸದ್ದು ಕೇಳಿ ಮುಗಿದೊಡನೆ ಕೆಲಸ ಮುಗಿಯಿತು ಅನ್ನಿಸಿಬಿಡುತ್ತದೆ. ಹಾಗಾಗಿ ಪಟ್ಟಿಯನ್ನು ರೋಗಿಯ ಭಂಗಿಯ ಪ್ರಕಾರ ಹೊಸದಾಗಿ ಬರೆದೆವು. 45 ಡಿಗ್ರಿಯಲ್ಲಿ ಒರಗಿದಾಗ ಕೈಯಿಂದ ಹೃದಯದ ತುದಿಯಾದ ಅಪೆಕ್ಸ್‌ವರೆಗೆ. ಎಡಕ್ಕೆ ಹೊರಳಿದಾಗ ಮೈಟ್ರಲ್ ಸ್ಟೆನೋಸಿಸ್‌ಗಾಗಿ ಸ್ಟೆತಾಸ್ಕೋಪಿನ ಬೆಲ್. ಎದ್ದು ಮುಂದಕ್ಕೆ ಬಾಗಿದಾಗ ಎದೆಮೂಳೆಯ ಎಡ ಅಂಚಿನಲ್ಲಿ ಅಯೋರ್ಟಿಕ್ ರಿಗರ್ಜಿಟೇಶನ್, ಅದೇ ಭಂಗಿಯಲ್ಲೇ ಶ್ವಾಸಕೋಶದ ಬುಡ, ಸೊಂಟದ ಊತ. ರೋಗಿ ಎದ್ದು ಕೂತರೆ ಮೂರೂ ತಾವಾಗಿ ನೆನಪಾಗುತ್ತವೆ.

ರೋಗಿಗೆ ಹೇಳುವ ಮಾತನ್ನೂ ಹಾಗೇ ಬರೆದುಕೊಳ್ಳಬೇಕು: "ಎಡಕ್ಕೆ ಹೊರಳಿ. ಉಸಿರು ಪೂರ್ತಿ ಬಿಟ್ಟು ಹಾಗೇ ಹಿಡಿದುಕೊಳ್ಳಿ. ಹಾಂ, ಈಗ ಉಸಿರಾಡಿ." ಈ ಕೊನೆಯ ಮಾತು ಎಲ್ಲರಿಗೂ ಮರೆಯುತ್ತದೆ. ಹೃದಯದ ಬಡಿತದ ನಡುವಿನ ಹೆಚ್ಚುವರಿ ಸದ್ದಾದ ಮರ್ಮರ್ ಹುಡುಕುತ್ತಾ ಬಗ್ಗಿದವರು ರೋಗಿ ಉಸಿರು ಕಟ್ಟಿ ಒದ್ದಾಡುವುದನ್ನು ನೋಡುವುದೇ ಇಲ್ಲ. ಅದಕ್ಕೆ ಪಟ್ಟಿಯಲ್ಲಿ ಬೇರೆಯದೇ ಸಾಲು ಕೊಟ್ಟೆವು.

ಜೊತೆಗಾರನ ಹಾಳೆಯಲ್ಲಿ ಮೂರು ಕಲಂ: ಮಾಡಿ ಹೇಳಿದ್ದು, ಮಾಡಿಯೂ ಹೇಳದ್ದು, ಬಿಟ್ಟದ್ದು. ಎರಡನೆಯದೇ ಹೆಚ್ಚು ತುಂಬುತ್ತದೆ. ಮಣಿಕಟ್ಟು ಹಿಡಿದು ನಾಡಿ ಎಣಿಸಿರುತ್ತಾರೆ, ಆದರೆ "ನಿಮಿಷಕ್ಕೆ 76, ಲಯಬದ್ಧ" ಎಂಬ ಮಾತು ಬಾಯಿಗೆ ಬಂದಿರುವುದಿಲ್ಲ. ಟೈಮರ್ ಓಡುವಾಗ ಜೊತೆಗಾರ ತಿದ್ದಬಾರದು, ತಲೆಯಾಡಿಸಲೂಬಾರದು. ಆ ಸನ್ನೆಯನ್ನೇ ನೆಚ್ಚಿಕೊಂಡರೆ ಪರೀಕ್ಷಕರ ನಿರ್ವಿಕಾರ ಮುಖದೆದುರು ಮಾತೇ ನಿಂತುಹೋಗುತ್ತದೆ. ಸಮಯ ಮುಗಿದ ಮೇಲೆ ತಪ್ಪಿದ ಸಾಲನ್ನಷ್ಟೇ ಒಪ್ಪಿಸಬೇಡಿ, ಅದಕ್ಕಿಂತ ಎರಡು ಸಾಲು ಹಿಂದಿನಿಂದ ಮಾಡಿ ತೋರಿಸಿ. ಎಡವುವುದು ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ದಾಟುವಲ್ಲಿ.

ರೋಗಿಯಾಗಿ ಮಲಗುವ ಜೊತೆಗಾರನ ಹೃದಯ ಆರೋಗ್ಯವಾಗಿರುವುದರಿಂದ ಮರ್ಮರ್ ಕೇಳಿಸದು. ಅದಕ್ಕೆ ಚೀಟಿ: 'ಅಪೆಕ್ಸ್‌ನಲ್ಲಿ ಪಾನ್‌ಸಿಸ್ಟಾಲಿಕ್ ಮರ್ಮರ್, ಕಂಕುಳಿಗೆ ಹರಡುತ್ತದೆ.' ಸ್ಟೆತಾಸ್ಕೋಪನ್ನು ಅಪೆಕ್ಸ್ ಮೇಲಿಟ್ಟಾಗ ಮೊದಲರ್ಧ, ಕಂಕುಳಿಗೆ ಸರಿಸಿದರೆ ಮಾತ್ರ ಉಳಿದರ್ಧ ಓದಿ ಹೇಳುತ್ತಾನೆ. ಕ್ಯಾರೋಟಿಡ್ ಮೇಲೆ ಬೆರಳಿಟ್ಟು ಸದ್ದಿನ ಕಾಲ ಹೊಂದಿಸದಿದ್ದರೆ 'ಸಿಸ್ಟಾಲಿಕ್' ಎಂಬ ಪದ ಹೇಳುವುದಿಲ್ಲ. ಮರ್ಮರ್ ಗುರುತಿಸುವ ಕಿವಿಯನ್ನು ಈ ಅಭ್ಯಾಸ ಕೊಡುವುದಿಲ್ಲ. ಅದಕ್ಕೆ ವಾರ್ಡಿಗೇ ಹೋಗಬೇಕು.