ಸೆಟ್ಟರ್ ಒಂದರಲ್ಲಿದ್ದಾಗ ನಾವು ಯಾಕೆ ನಿಂತುಬಿಡುತ್ತಿದ್ದೆವು

ನಮ್ಮ ವಾಲಿಬಾಲ್ ಟೀಮಿನ ಬೆಂಚಿನಲ್ಲಿ ಕೂತು ರ‍್ಯಾಲಿ ಬರೆಯುವ ಕೆಲಸ ನನ್ನದು. ಒಂದು ರ‍್ಯಾಲಿಗೆ ಮೂರೇ ಗುರುತು: ಹೊಡೆಯುವವರಿಗೆ ಬಾಲ್ ಎತ್ತಿಕೊಡುವ ಸೆಟ್ಟರ್ ನಿಂತ ಜಾಗದ ನಂಬರ್, ನಮ್ಮ ಸರ್ವಿಸ್ (S) ಅಥವಾ ರಿಸೀವ್ (R), ಪಾಯಿಂಟ್ ನಮಗೆ ಬಂದರೆ 1, ಹೋದರೆ 0.

```
1 R 0
1 R 0
1 R 1
6 S 0
6 R 1
5 S 1
```

ರಿಸೀವ್‌ನಲ್ಲಿ ಗೆದ್ದರೆ ಮಾತ್ರ ನಾವು ಒಂದು ಜಾಗ ತಿರುಗುತ್ತೇವೆ. ಹೀಗೆ ಬರುವ ಒಂದೊಂದು ನಿಲುವೇ ಒಂದು ರೊಟೇಷನ್, ಸೆಟ್ಟರ್ ಇರುವ ಜಾಗದ ನಂಬರೇ ಅದರ ನಂಬರ್. ಆಗ ಸೆಟ್ಟರ್ 1ರಿಂದ 6ಕ್ಕೆ, 6ರಿಂದ 5ಕ್ಕೆ ಹೋಗಬೇಕು. ಲೆಕ್ಕ ಹಾಗೆ ಬರದಿದ್ದರೆ ಎಲ್ಲೋ ಒಂದು ರ‍್ಯಾಲಿ ಬಿಟ್ಟಿದ್ದೇನೆ ಅಂತ ಅರ್ಥ.

ಶುರುವಿನಲ್ಲಿ ನಾನು ಪ್ರತಿ ರೊಟೇಷನ್‌ನಲ್ಲಿ ಹೋದ ಪಾಯಿಂಟುಗಳನ್ನೆಲ್ಲ ಒಟ್ಟಿಗೆ ಎಣಿಸುತ್ತಿದ್ದೆ. ಅದು ತಪ್ಪು. ನಮ್ಮ ಸರ್ವಿಸ್‌ನಲ್ಲಿ ಎದುರಾಳಿ ಗೆಲ್ಲುವುದೇ ಜಾಸ್ತಿ, ಅದೂ ಇದರಲ್ಲಿ ಸೇರಿಬಿಡುತ್ತದೆ. ಆಮೇಲೆ ಬರೀ R ಸಾಲುಗಳನ್ನು ಹಿಡಿದೆ: ಗೆದ್ದದ್ದು ಭಾಗಿಸು ಒಟ್ಟು ರಿಸೀವ್. ಅದೇ ಸೈಡ್‌ಔಟ್. ಒಂದು ಮ್ಯಾಚಿನಲ್ಲಿ ಒಂದೊಂದು ರೊಟೇಷನ್‌ಗೆ ಹದಿನಾಲ್ಕು ಹದಿನೈದು ರಿಸೀವ್ ಸಿಕ್ಕಿದರೆ ಹೆಚ್ಚು. ಹಾಗಾಗಿ ಐದು ಮ್ಯಾಚ್ ಕೂಡಿಸಿದೆ. ಸೆಟ್ಟರ್ ಒಂದರಲ್ಲಿದ್ದಾಗ 71 ರಿಸೀವ್‌ನಲ್ಲಿ ಗೆದ್ದದ್ದು 33, ಅಂದರೆ ಶೇ. 46. ಉಳಿದ ಐದೂ ರೊಟೇಷನ್‌ಗಳು ಶೇ. 60ರ ಆಸುಪಾಸಿನಲ್ಲಿದ್ದವು.

ಆದರೂ ಕೋಚ್‌ಗೆ ತಕ್ಷಣ ಹೇಳಲಿಲ್ಲ. ಎರಡೂ ಟೀಮು ಒಂದೊಂದೇ ಹೆಜ್ಜೆ ತಿರುಗುವುದರಿಂದ, ಒಂದು ಸೆಟ್‌ನಲ್ಲಿ ನಮ್ಮ ಒಂದು ರಿಸೀವ್ ರೊಟೇಷನ್‌ಗೆ ಯಾವಾಗಲೂ ಅವರ ಅದೇ ಸರ್ವರ್ ಎದುರಾಗುತ್ತಾನೆ. ನಮ್ಮ ಒಂದನೇ ರೊಟೇಷನ್‌ಗೆ ಅವರ ಜಂಪ್ ಸರ್ವಿಸ್‌ನವನೇ ಬಿದ್ದಿದ್ದರೆ? ತಪ್ಪು ರೊಟೇಷನ್‌ನದಾಗುವುದಿಲ್ಲ, ಅಲ್ವಾ? ಬೇರೆ ಬೇರೆ ರೊಟೇಷನ್‌ನಿಂದ ಶುರುಮಾಡಿದ ಸೆಟ್‌ಗಳನ್ನು ಬೇರ್ಪಡಿಸಿ ನೋಡಿದೆ. ಸರ್ವರ್ ಬದಲಾದರೂ ಒಂದರಲ್ಲಿ ಬೀಳುವುದು ತಪ್ಪಲಿಲ್ಲ.

ಕಾರಣ ಕೋರ್ಟಿನಲ್ಲೇ ಕಂಡಿತು. ಸೆಟ್ಟರ್ 1ರಲ್ಲಿ, ಅಂದರೆ ಹಿಂದೆ ಬಲಗಡೆ ಇದ್ದರೆ, ಬಲ ತುದಿಯಿಂದ ಹೊಡೆಯುವ ಯೂನಿವರ್ಸಲ್ ಮುಂದೆ ಎಡಗಡೆ 4ರಲ್ಲಿ, ನಮ್ಮ ಮುಖ್ಯ ಅಟ್ಯಾಕರ್ ಮುಂದೆ ಬಲಗಡೆ 2ರಲ್ಲಿ. ಅವನು ಬಲಗೈ ಆಟಗಾರ, ಎಡ ತುದಿಯಿಂದ ಹೊಡೆದೇ ಅಭ್ಯಾಸ. ಬಲಗಡೆ ರಿಸೀವ್ ಮಾಡಿ ಅಲ್ಲಿಂದಲೇ ಹೊಡೆಯಬೇಕಾಗುತ್ತಿತ್ತು. ಎಡಕ್ಕೆ ಓಡುವಷ್ಟು ಹೊತ್ತಿರಲಿಲ್ಲ. ಯೂನಿವರ್ಸಲ್‌ನದೂ ಅದೇ ಪಾಡು, ತನ್ನದಲ್ಲದ ತುದಿಯಿಂದ ಹೊಡೆತ.

ಸರ್ವಿಸ್ ಹೊಡೆಯುವವರೆಗೆ ಮುಂದಿನ ಮೂವರ ಎಡ-ಬಲ ಕ್ರಮ ಕೆಡಬಾರದು, ಆದರೆ ಅವರ ನಡುವೆ ಇಷ್ಟೇ ದೂರ ಇರಬೇಕು ಅಂತೇನಿಲ್ಲ. ಅದನ್ನೇ ಬಳಸಿಕೊಂಡೆವು. ಯೂನಿವರ್ಸಲ್ ನೆಟ್ ಪಕ್ಕ ಎಡ ಗೆರೆಗೆ ಅಂಟಿ ನಿಂತ. ಬ್ಲಾಕರ್ ಅವನ ಪಕ್ಕ. ಅಟ್ಯಾಕರ್ ಅವರಿಬ್ಬರಿಗಿಂತ ಸ್ವಲ್ಪ ಬಲಕ್ಕೆ, ಹಿಂದೆ ಸರಿದು, ಎಡಭಾಗದ ರಿಸೀವ್ ನೋಡಿಕೊಂಡ. ಸೆಟ್ಟರ್ ಅವನಿಗಿಂತ ಹಿಂದೆಯೇ ಇರಬೇಕಿತ್ತು. ಮೊದಲ ದಿನ ಪ್ರಾಕ್ಟೀಸ್‌ನಲ್ಲಿ ಅವನು ಆತುರಪಟ್ಟು ಮುಂದೆ ನುಗ್ಗಿ ಎರಡು ಸಲ ಫಾಲ್ಟ್ ಮಾಡಿದ. ಬಾಲಿಗೆ ಕೈ ತಾಗಿದ ಸದ್ದು ಕೇಳಿದ ಮೇಲೇ ಓಡು ಅಂದೆವು. ಈಗ ಸರ್ವಿಸ್ ಹೊಡೆದ ಕೂಡಲೇ ಯೂನಿವರ್ಸಲ್ ಬಲಕ್ಕೆ ಓಡುತ್ತಾನೆ, ಅಟ್ಯಾಕರ್‌ಗೆ ಎಡ ತುದಿ ಖಾಲಿ ಸಿಗುತ್ತದೆ.

ಮುಂದಿನ ಮೂರು ಮ್ಯಾಚಿನಲ್ಲಿ ಈ ರೊಟೇಷನ್‌ನಲ್ಲಿ 38 ರಿಸೀವ್, 22 ಗೆಲುವು, ಶೇ. 58. ಮೂವತ್ತೆಂಟು ತೀರಾ ಕಡಿಮೆ, ನಾಲ್ಕು ರ‍್ಯಾಲಿ ಆಚೀಚೆ ಆದರೂ ಶೇ. 10 ಜಾರುತ್ತದೆ. ಅದಕ್ಕೇ ಇನ್ನೂ ಬರೆಯುತ್ತಿದ್ದೇನೆ.