ಒಂದೇ ಉತ್ತರ, ಅದೂ ಮರುದಿನ ಬೆಳಿಗ್ಗೆ

ನಮ್ಮದು ಸಕಲೇಶಪುರದ ಹತ್ತಿರ ಕಾಫಿ ತೋಟದೊಳಗಿನ ನಾಲ್ಕು ರೂಮಿನ ಹೋಂಸ್ಟೇ. ತಲೆಗೆ ಸುಮಾರು 1,800 ರೂಪಾಯಿ, ಊಟ ತಿಂಡಿ ಸೇರಿ. ಗೂಗಲ್ ಪೇಜ್ ನೋಡಿಕೊಳ್ಳುವುದು ನಾನೇ. ಕೆಟ್ಟ ರಿವ್ಯೂ ಬಂದರೆ ಜಗಳಕ್ಕೆ ಹೋಗದೆ, ಮರುದಿನ ಬೆಳಿಗ್ಗೆ ಒಂದೇ ಸಣ್ಣ ಉತ್ತರ ಬರೆದು ಸುಮ್ಮನಾಗುತ್ತೇನೆ ಅಂತ ನಮ್ಮ ಕಡೆಯ ಹೋಂಸ್ಟೇಯವರ ವಾಟ್ಸಾಪ್ ಗುಂಪಿನಲ್ಲಿ ಹೇಳಿದಾಗ ಎಲ್ಲರೂ ನಕ್ಕಿದ್ದರು. "ಸುಮ್ನೆ ಕೂತ್ರೆ ತಪ್ಪು ಒಪ್ಪಿಕೊಂಡ ಹಾಗೆ" ಅಂತ ನನ್ನ ಭಾವನೇ ಹೇಳಿದ್ದ. ಹೋದ ತಿಂಗಳು ಅವನೇ ಫೋನ್ ಮಾಡಿ "ಆ ಉತ್ತರ ಹೇಗೆ ಬರೀತೀಯಾ, ಒಂದು ಕಳಿಸು" ಅಂದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನು ಕೆಡಿಸಿಕೊಂಡಿದ್ದನ್ನು ಹೇಳುತ್ತೇನೆ. 2021ರ ಕೊನೆಯಲ್ಲಿರಬೇಕು, ಒಂದು ಗುಂಪು ಬಂದು ಕುಡಿದು, ರೂಮಿನಲ್ಲಿ ವಾಂತಿ ಮಾಡಿ, ಹೋಗುವಾಗ "ಸ್ವಚ್ಛತೆ ಇಲ್ಲ" ಅಂತ ಒಂದು ಸ್ಟಾರ್ ಕೊಟ್ಟು ಹೋಯಿತು. ನನಗೆ ಮೈ ಉರಿದುಹೋಯಿತು. ರಾತ್ರಿ ಹನ್ನೊಂದಕ್ಕೆ ಕೂತು ಉದ್ದ ಉತ್ತರ ಬರೆದೆ. ಯಾರು ಎಷ್ಟು ಬಾಟಲಿ ತಂದಿದ್ದರು, ಯಾವ ರೂಮು, ಬೆಡ್‌ಶೀಟ್ ತೊಳೆಯಲು ಎಷ್ಟಾಯಿತು, ಎಲ್ಲ ಹಾಕಿದೆ. ಒಂದಕ್ಷರವೂ ಸುಳ್ಳಲ್ಲ. ಗುಂಪಿನಲ್ಲಿ ಎಲ್ಲರೂ ಭೇಷ್ ಅಂದರು.

ಒಂದು ವಾರ ಬಿಟ್ಟು ಬೆಂಗಳೂರಿನ ಒಬ್ಬರು ಫೋನ್ ಮಾಡಿದರು. ವರ್ಷಕ್ಕೆ ಎರಡು ಸಲ ಮನೆಯವರನ್ನೆಲ್ಲ ಕರೆದುಕೊಂಡು ಬರುವವರು. "ಅಣ್ಣ, ನಿಮ್ಮ ಉತ್ತರ ಓದಿದೆ. ನಾವು ಬಂದು ಏನಾದ್ರೂ ಹೆಚ್ಚು ಕಡಿಮೆ ಆದ್ರೆ ನಮ್ಮ ಬಗ್ಗೆನೂ ಹೀಗೇ ಬರೀತೀರಾ?" ತಮಾಷೆಗೇ ಕೇಳಿದ್ದು. ಆದರೆ ಆ ವರ್ಷ ಅವರು ಬರಲಿಲ್ಲ. ಎಂಟು ಜನ, ಎರಡು ರಾತ್ರಿ, ಹತ್ತಿರ ಹತ್ತಿರ 29,000 ರೂಪಾಯಿ. ನಾನು ಬರೆದದ್ದನ್ನು ಓದುವವರು ಬೈದವರಲ್ಲ, ಮುಂದೆ ಬರುವವರು ಅಂತ ಅವತ್ತು ಗೊತ್ತಾಯಿತು.

ಎರಡನೇ ತಪ್ಪು ಇನ್ನೂ ದಡ್ಡತನದ್ದು. ರೇಟಿಂಗ್ ಏರಿಸಲು ಒಂದು ಮದುವೆಯ ಸಮಯದಲ್ಲಿ ನೆಂಟರಿಗೆಲ್ಲ ಐದು ಸ್ಟಾರ್ ಹಾಕಿಸಿದೆ. ನಮ್ಮ ಮನೆಯದೇ ವೈಫೈ, ಎರಡು ದಿನದಲ್ಲಿ ಇಪ್ಪತ್ತೈದೋ ಏನೋ. ಎರಡು ವಾರದಲ್ಲಿ ಅದರಲ್ಲಿ ಮುಕ್ಕಾಲು ಪಾಲು ಮಾಯ. ಜೊತೆಗೆ ನಿಜವಾದ ಅತಿಥಿಗಳು ಹಾಕಿದ್ದ ಐದಾರೂ ಹೋದವು. ಅದರಲ್ಲೊಂದು ನಮ್ಮಮ್ಮನ ಕಡುಬಿನ ಬಗ್ಗೆ ಬಹಳ ಚೆನ್ನಾಗಿ ಬರೆದದ್ದು. ಅಮ್ಮ ಇವತ್ತಿಗೂ ಕೇಳುತ್ತಾರೆ ಅದೆಲ್ಲಿ ಅಂತ.

ಮೂರನೆಯದು, ಒಬ್ಬರಿಗೆ "ರಿವ್ಯೂ ತೆಗೆದರೆ ಅರ್ಧ ದುಡ್ಡು ವಾಪಸ್" ಅಂತ ಮೆಸೇಜ್ ಹಾಕಿದೆ. ಅವರು ಆ ಸ್ಕ್ರೀನ್‌ಶಾಟನ್ನೇ ರಿವ್ಯೂಗೆ ಫೋಟೋ ಮಾಡಿ ಸೇರಿಸಿದರು. ದುಡ್ಡು ಕೊಟ್ಟು ರಿವ್ಯೂ ತೆಗೆಸುವುದು ಗೂಗಲ್ ನಿಯಮಕ್ಕೂ ವಿರುದ್ಧ ಅಂತ ಆಮೇಲೆ ಓದಿದೆ. ನಮ್ಮ ಗುಂಪಿನ ಇನ್ನೊಬ್ಬರು ರಿವ್ಯೂ ತೆಗೆಸಿಕೊಡುತ್ತೇವೆ ಅನ್ನುವವರಿಗೆ 12,000 ಕೊಟ್ಟರು. ಒಂದೂ ಹೋಗಲಿಲ್ಲ, ಆಮೇಲೆ ಫೋನ್ ಸ್ವಿಚ್ ಆಫ್.

ಈಗ ನನ್ನ ರೀತಿ. ಕೆಟ್ಟ ರಿವ್ಯೂ ಬಂದ ದಿನ ಏನೂ ಬರೆಯುವುದಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಆದ ಮೇಲೆ, ಆಳುಗಳು ಬರುವ ಮುಂಚೆ ಬರೆಯುತ್ತೇನೆ. ಮೂರು ನಾಲ್ಕು ವಾಕ್ಯ, ಅಷ್ಟೇ. ಮೊದಲ ವಾಕ್ಯದಲ್ಲೇ ನಿಜವಾದ ದೂರನ್ನು ಒಪ್ಪಿಕೊಂಡುಬಿಡಬೇಕು. ಯಾಕೆಂದರೆ ಉದ್ದ ಉತ್ತರವನ್ನು ಫೋನಿನಲ್ಲಿ ಮಡಚಿ ತೋರಿಸುತ್ತದೆ, 'ಇನ್ನಷ್ಟು' ಒತ್ತುವವರು ಕಡಿಮೆ. ಆಮೇಲೆ ಏನು ಬದಲಾಯಿಸಿದೆವು ಅನ್ನುವುದು. ಬದಲಾಯಿಸಲು ಆಗದ್ದಿದ್ದರೆ ಅದನ್ನೂ ನೇರವಾಗಿ ಹೇಳಬೇಕು.

ಒಂದು ಹಳೆಯದು ಹಾಕುತ್ತೇನೆ. ಜುಲೈ ತಿಂಗಳು, ಒಬ್ಬ ಹೆಂಗಸು ಬರೆದಿದ್ದರು: "ಬಿಸಿನೀರಿಲ್ಲ, ಎಲ್ಲೆಲ್ಲೂ ಜಿಗಣೆ, ಈ ರೇಟಿಗೆ ದಂಡ." ಜಿಗಣೆಗೆ ನಮ್ಮ ಕಡೆ ಇಂಬಳ ಅನ್ನುತ್ತಾರೆ. ನಾನು ಬರೆದದ್ದು:

"ಶನಿವಾರ ಬೆಳಿಗ್ಗೆ ಬಿಸಿನೀರು ಇರಲಿಲ್ಲ, ನಿಜ. ಮಳೆಗಾಲದಲ್ಲಿ ಸೋಲಾರ್ ನಂಬಿದ್ದು ನಮ್ಮ ತಪ್ಪು. ಈಗ ದಿನಾ ಬೆಳಿಗ್ಗೆ ಐದೂವರೆಗೆ ಹಂಡೆ ಒಲೆ ಹಚ್ಚುತ್ತೇವೆ. ಇಂಬಳ ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದಲ್ಲಿ ಇದ್ದೇ ಇರುತ್ತವೆ. ಅವು ಬೇಡ ಅನ್ನುವವರು ನವೆಂಬರ್ ಮೇಲೆ ಬನ್ನಿ."

ರೇಟಿನ ಮಾತು ಮುಟ್ಟಲೇ ಇಲ್ಲ. ಅದು ಅವರ ಅಭಿಪ್ರಾಯ, ಅದಕ್ಕೆ ಉತ್ತರ ಕೊಟ್ಟರೆ ಚೌಕಾಸಿ ಶುರು. 'ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ' ಅನ್ನುವ ಬ್ಯಾಂಕಿನ ಭಾಷೆಯೂ ಇಲ್ಲ. ಉತ್ತರ ಹಾಕಿದಾಗ ಅವರಿಗೆ ಸೂಚನೆ ಹೋಗುತ್ತದೆ. ಒಂದು ತಿಂಗಳು ಬಿಟ್ಟು ಅವರು ಒಂದು ಸ್ಟಾರನ್ನು ಮೂರು ಮಾಡಿದರು. ಮಾತು ಹಾಗೇ ಬಿಟ್ಟಿದ್ದರು. ನನಗೆ ಅದು ಸಾಕು. ಆಮೇಲೆ ಅವರು ಎಷ್ಟೇ ಸೇರಿಸಿ ಬರೆದರೂ ನನ್ನ ಉತ್ತರವನ್ನು ನಾನು ಮತ್ತೆ ಮುಟ್ಟುವುದಿಲ್ಲ.

ಇದು ನಿಜವಾಗಿ ಉಳಿದು ಹೋದವರಿಗೆ. ಬರದೇ ಬರೆಯುವವರ ಲೆಕ್ಕ ಬೇರೆ.

2023ರ ಮಳೆಗಾಲದಲ್ಲಿ ಹನ್ನೆರಡು ಹುಡುಗರ ಗುಂಪೊಂದು ಫೋನ್ ಮಾಡಿ ಡಿಜೆ ತರುತ್ತೇವೆ ಅಂದಿತು. ಆಗಲ್ಲ ಅಂದೆ. ಅವತ್ತು ರಾತ್ರಿ ಒಂದೇ ಗಂಟೆಯ ಅವಧಿಯಲ್ಲಿ ಆರು ಜನ ಒಂದೊಂದು ಸ್ಟಾರ್. ಮೂರಕ್ಕೆ ಮಾತೇ ಇಲ್ಲ, ಎರಡರಲ್ಲಿ ಊಟ ಹಳಸಿತ್ತು ಅಂತ, ಒಂದರಲ್ಲಿ ನನಗೆ ಬೈಗುಳ. ಆಗ ನಮ್ಮದು ಸುಮಾರು 112 ರಿವ್ಯೂ, 4.1 ಇತ್ತು. ಬೆಳಗಾಗುವಷ್ಟರಲ್ಲಿ 3.9. ಮತ್ತೆ 4.1ಕ್ಕೆ ಬರಬೇಕಾದರೆ ಲೆಕ್ಕ ಹಾಕಿದೆ, ಐದು ಸ್ಟಾರಿನ ರಿವ್ಯೂ ಇಪ್ಪತ್ತೊಂದು ಬೇಕು. ನಮ್ಮಲ್ಲಿ ಹತ್ತು ಜನ ಬಂದರೆ ಒಬ್ಬರು ಬರೆದರೆ ಹೆಚ್ಚು. ಫೋನ್‌ಗಳು ವಾರಕ್ಕೆ ನಲವತ್ತು ಬರುತ್ತಿದ್ದದ್ದು ಹದಿನೈದಕ್ಕೆ ಇಳಿಯಿತು. ಅದರಲ್ಲಿ ಮಳೆಯ ಪಾಲೂ ಇತ್ತು, ಸುಳ್ಳು ಹೇಳಬಾರದು.

ಆರರಲ್ಲಿ ಒಂದಕ್ಕೂ ಉತ್ತರ ಬರೆಯಲಿಲ್ಲ. ಮೊದಲು ಎಲ್ಲದರ ಸ್ಕ್ರೀನ್‌ಶಾಟ್, ಅವರ ಪ್ರೊಫೈಲ್ ಸಮೇತ, ಸಮಯ ಕಾಣುವ ಹಾಗೆ. ಆಮೇಲೆ ರಿಪೋರ್ಟ್. ಇಲ್ಲೇ ಎಲ್ಲರೂ ಎಡವುವುದು. ಕಾರಣ ಆರಿಸುವಾಗ ಆರಕ್ಕೂ ಒಂದೇ ಒತ್ತುತ್ತಾರೆ. ನಾನು ಬೈಗುಳ ಇದ್ದದ್ದಕ್ಕೆ ಬೈಗುಳದ ಕಾರಣ, ಉಳಿದವಕ್ಕೆ ಸ್ಪ್ಯಾಮ್ ಆರಿಸಿದೆ. 'ಇದು ಸುಳ್ಳು' ಅನ್ನುವುದನ್ನು ಗೂಗಲ್ ಕೇಳುವುದಿಲ್ಲ. ಸತ್ಯ ಯಾರದು ಅಂತ ತೀರ್ಮಾನ ಮಾಡುವ ಕೆಲಸ ಅವರದಲ್ಲ ಅಂತ ಅವರೇ ಬರೆದುಕೊಂಡಿದ್ದಾರೆ. ನಿಯಮ ಮುರಿದಿದೆಯಾ ಅಂತ ಮಾತ್ರ ನೋಡುತ್ತಾರೆ.

ಮೂರ್ನಾಲ್ಕು ದಿನದಲ್ಲಿ ಬೈಗುಳದ್ದು ಹೋಯಿತು. ಮಾತಿಲ್ಲದ ಮೂರರಲ್ಲಿ ಎರಡು ಹೋದವು. ಉಳಿದ ಮೂರಕ್ಕೆ 'ಉಲ್ಲಂಘನೆ ಕಂಡಿಲ್ಲ' ಅಂತ ಬಂತು. ಅಲ್ಲಿಗೇ ಕೈಬಿಡಬೇಡಿ, ಮೇಲ್ಮನವಿಗೆ ಅವಕಾಶ ಇದೆ. ಆದರೆ ಒಂದೇ ಸಲ, ಹಾಗಾಗಿ ಅವಸರ ಮಾಡಬಾರದು. ಅದರಲ್ಲಿ ಇನ್ನೊಂದು ಹೋಯಿತು. ಊಟ ಹಳಸಿತ್ತು ಅನ್ನುವ ಎರಡು ಇವತ್ತಿಗೂ ಅಲ್ಲೇ ಇವೆ.

ಆ ಎರಡಕ್ಕೆ ಕೊನೆಗೆ ಒಂದೊಂದು ಸಾಲು ಬರೆದೆ: "ಈ ಹೆಸರಿನಲ್ಲಿ ನಮ್ಮಲ್ಲಿ ಬುಕಿಂಗ್ ಸಿಗಲಿಲ್ಲ. ನೀವು ಉಳಿದುಕೊಂಡ ತಾರೀಕು ತಿಳಿಸಿದರೆ ನೋಡುತ್ತೇನೆ." ಡಿಜೆ ಕತೆ ಎತ್ತಲಿಲ್ಲ. ಎತ್ತಿದ್ದರೆ ಅವರಿಗೆ ಬೇಕಾದ ಜಗಳ ಸಿಗುತ್ತಿತ್ತು. ತಾರೀಕು ಇವತ್ತಿನವರೆಗೂ ಬಂದಿಲ್ಲ, ಓದುವವರಿಗೆ ಅದು ಕಾಣುತ್ತದೆ. ನಿಜವಾಗಿ ಬಂದವರು ಬೇರೆ ಹೆಸರಿನ ಖಾತೆಯಿಂದ ಬರೆದಿರಬಹುದು, ಆದ್ದರಿಂದ 'ನೀವು ಬಂದೇ ಇಲ್ಲ' ಅಂತ ಮಾತ್ರ ಯಾವತ್ತೂ ಬರೆಯಬೇಡಿ. ಒಮ್ಮೆ ನಾನು ಹಾಗೆ ಬರೆದು, ಅವರು ನಮ್ಮ ಜಗಲಿಯ ಮೇಲೆ ಕೂತ ಫೋಟೋ ಹಾಕಿ ನನ್ನ ಮರ್ಯಾದೆ ತೆಗೆದಿದ್ದಾರೆ. ಬುಕಿಂಗ್ ಗಂಡನ ಹೆಸರಲ್ಲಿತ್ತು.

ಫೇಸ್‌ಬುಕ್ ಪೇಜಿನಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ಒಬ್ಬ ಪ್ರತಿ ಫೋಟೋ ಕೆಳಗೂ "ಹೋಂಸ್ಟೇ ಹೆಸರಲ್ಲಿ ಸುಲಿಗೆ" ಅಂತ ಹಾಕುತ್ತಿದ್ದ. ಮೊದಲು ಡಿಲೀಟ್ ಮಾಡಿದೆ. ಹತ್ತು ನಿಮಿಷದಲ್ಲಿ "ಡಿಲೀಟ್ ಮಾಡ್ತೀರಾ, ಹೆದರಿಕೆನಾ?" ಅಂತ ಐದು ಕಾಮೆಂಟ್. ಆಮೇಲೆ ಹೈಡ್ ಮಾಡಿ ನೋಡಿದೆ. ಹೈಡ್ ಮಾಡಿದರೆ ಅದು ಅವನಿಗೂ ಅವನ ಫ್ರೆಂಡ್ಸಿಗೂ ಕಾಣುತ್ತಲೇ ಇರುತ್ತದೆ, ಉಳಿದವರಿಗೆ ಕಾಣುವುದಿಲ್ಲ. ಅವನು ಬೈದು ಸಮಾಧಾನವಾಗಿದ್ದಾನೆ, ನಾನೂ ಸಮಾಧಾನವಾಗಿದ್ದೇನೆ. ಬೈಗುಳಗಳನ್ನು ತಾನಾಗಿ ತಡೆಯುವ ಪಟ್ಟಿಯೂ ಸೆಟ್ಟಿಂಗ್ಸಿನಲ್ಲಿದೆ. ಅದರಲ್ಲಿ ಕನ್ನಡ ಅಕ್ಷರದ್ದು ಮಾತ್ರ ಹಾಕಿದರೆ ಸಾಲದು, ಇಂಗ್ಲಿಷ್ ಅಕ್ಷರದಲ್ಲಿ ಜನ ಬರೆಯುವ ನಾಲ್ಕೈದು ಥರದ ಸ್ಪೆಲ್ಲಿಂಗೂ ಹಾಕಬೇಕು. ಒಂದು ಮಧ್ಯಾಹ್ನ ಕೂತು ನಾನು, ನನ್ನ ಮಗ ಆ ಪಟ್ಟಿ ಮಾಡಿದೆವು. ಮಗನಿಗೆ ಅಷ್ಟು ಬೈಗುಳ ಗೊತ್ತಿದ್ದದ್ದು ನನಗೆ ಹೊಸ ವಿಷಯ. ನ್ಯಾಯವಾದ ದೂರನ್ನು ಮಾತ್ರ ಹೈಡ್ ಮಾಡುವುದಿಲ್ಲ, ಅದು ಗೊತ್ತಾದರೆ ಜನ ಬೇರೆ ಕಡೆ ಹೋಗಿ ದೊಡ್ಡದು ಮಾಡುತ್ತಾರೆ.

ತಮಾಷೆ ಉತ್ತರವನ್ನೂ ಒಂದೆರಡು ತಿಂಗಳು ಪ್ರಯತ್ನಿಸಿದೆ. "ಜಿಗಣೆಗೆ ನಾವು ಚಾರ್ಜ್ ಮಾಡಲ್ಲ, ಫ್ರೀ" ಅಂತ. ಲೈಕ್ ಬಂತು, ಬುಕಿಂಗ್ ಬರಲಿಲ್ಲ. ಜೊತೆಗೆ ಉತ್ತರ ನೋಡುವುದಕ್ಕೇ ಕೆಣಕುವವರು ಶುರುವಾದರು. ನಿಲ್ಲಿಸಿದೆ.

ದೊಡ್ಡ ಲಾಭ ಕೊಟ್ಟದ್ದು ಉತ್ತರವಲ್ಲ, ಒಂದು ಫೋಟೋ. ನನ್ನ ಕಾಲುಚೀಲದ ಮೇಲೆ ಇಂಬಳ ಹತ್ತುತ್ತಿರುವ ಫೋಟೋ ತೆಗೆದು ಪೇಜಿಗೇ ಹಾಕಿದೆ. ಪಕ್ಕದಲ್ಲಿ ನಾವು ಅತಿಥಿಗಳಿಗೆ ಕೊಡುವ ಹೊಗೆಸೊಪ್ಪು, ಸುಣ್ಣದ ಗಂಟು. ಬುಕಿಂಗ್ ಖಾತ್ರಿ ಮಾಡುವ ಮೆಸೇಜಿನಲ್ಲೂ ನೆಟ್‌ವರ್ಕ್ ಒಂದೇ ಕಂಪನಿಯದು ಸಿಗುತ್ತದೆ, ರಾತ್ರಿ ಹತ್ತರ ಮೇಲೆ ಹಾಡು ಇಲ್ಲ, ಕರೆಂಟ್ ಹೋಗುತ್ತದೆ ಅಂತ ಮೊದಲೇ ಬರೆದುಬಿಟ್ಟೆ. ಮನೆಯವಳು "ಹೀಗೆ ಬರೆದ್ರೆ ಯಾರು ಬರ್ತಾರೆ" ಅಂತ ಎರಡು ದಿನ ಮಾತು ಬಿಟ್ಟಳು. ಮೆಸೇಜ್ ಓದಿ ಹತ್ತರಲ್ಲಿ ಒಬ್ಬರು ಬೇಡ ಅನ್ನುತ್ತಾರೆ. ಒಂದು ಸ್ಟಾರ್ ಕೊಡುತ್ತಿದ್ದವರು ಅವರೇ ಅಂತ ನನ್ನ ಲೆಕ್ಕ. ಜಿಗಣೆ ದೂರು ಮಳೆಗಾಲಕ್ಕೆ ಏಳೆಂಟು ಇದ್ದದ್ದು ಹೋದ ವರ್ಷ ಒಂದೇ ಬಂತು.

ಈಗ 260ರ ಹತ್ತಿರ ರಿವ್ಯೂ, 4.3. ಒಳ್ಳೆಯ ರಿವ್ಯೂ ಯಾರನ್ನು, ಯಾವ ಹೊತ್ತಿನಲ್ಲಿ ಕೇಳುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನಾಳೆಯಿಂದ ನಮ್ಮ ಕಡೆ ಎಲ್ಲರೂ ಅದನ್ನೇ ಮಾಡುತ್ತಾರೆ. ದುಡ್ಡಿಲ್ಲ, ಡಿಸ್ಕೌಂಟ್ ಇಲ್ಲ, ಇಷ್ಟು ಹೇಳಬಲ್ಲೆ.

ಮೊನ್ನೆ ಒಬ್ಬರು ಎರಡು ಸ್ಟಾರ್ ಕೊಟ್ಟಿದ್ದಾರೆ. ಕೋಳಿ ಬೆಳಗಿನ ಜಾವ ನಾಲ್ಕಕ್ಕೇ ಕೂಗಿ ನಿದ್ದೆ ಕೆಡಿಸಿತಂತೆ. ಮಗ ಆಗಲೇ ಒಂದು ತಮಾಷೆ ಉತ್ತರ ಬರೆದು ತೋರಿಸಿದ. ಚೆನ್ನಾಗಿಯೇ ಇತ್ತು, ಅಳಿಸಲು ಹೇಳಿದೆ. ಗೂಡನ್ನು ರೂಮಿನಿಂದ ದೂರ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ ಹಿಂದಕ್ಕೆ ಸರಿಸುವ ಕೆಲಸ ನಡೀತಿದೆ. ಅದು ಮುಗಿದ ಮೇಲೆ ಉತ್ತರ ಬರೆಯುತ್ತೇನೆ.